ಶಾಲೆಯ ಟೆರೇಸ್ ಟೆಂಡರ್: ನಮ್ಮ ಅನುಮಾನಗಳು, ಸಮಿತಿಗೆ ಕಳಿಸುವ ಪ್ರಶ್ನೆಗಳು

ಕಾಕಾ, ಅಣ್ಣ, ಇಬ್ಬರಿಗೂ ನಮಸ್ಕಾರ.

ಗೋರೆಗಾಂವ್ ಶಾಲೆಯ ಟೆರೇಸ್ ವಾಟರ್‌ಪ್ರೂಫಿಂಗ್ ಟೆಂಡರ್ ಬಗ್ಗೆ ನೀವಿಬ್ಬರೂ, ಮುಕಾದಮರೂ ವಾಟ್ಸ್‌ಆ್ಯಪ್‌ನಲ್ಲಿ ಕೇಳಿದ್ದನ್ನೆಲ್ಲ ಒಟ್ಟು ಮಾಡಿ ಕಟ್ಟಡ ಸಮಿತಿಗೆ ಕಳಿಸುವ ಹಾಗೆ ಬರೆದಿದ್ದೇನೆ. ಸಮಿತಿಯವರು ನಮ್ಮ ಕನ್ನಡದವರೇ, ಟೆಂಡರ್ ಕೂಡ ಕನ್ನಡದಲ್ಲೇ ಇದೆ. ಪ್ರಶ್ನೆಗಳೂ ಕನ್ನಡದಲ್ಲೇ ಹೋಗಲಿ. ಕೊನೆಯ ದಿನ ಏಪ್ರಿಲ್ 22, ಸಂಜೆ 5 ಗಂಟೆ. ಈಮೇಲ್‌ನಲ್ಲಿ ಬಂದ ಪ್ರಶ್ನೆಗೆ ಮಾತ್ರ ಉತ್ತರ ಕೊಡುತ್ತಾರೆ, ಆ ಉತ್ತರ ಟೆಂಡರ್ ತೆಗೆದುಕೊಂಡ ಎಲ್ಲರಿಗೂ ಹೋಗುತ್ತದೆ ಅಂತ ಕಲಂ 1.6ರಲ್ಲಿದೆ. ಸೈಟ್ ನೋಡಲು ಹೋದಾಗ "ಅದೆಲ್ಲ ಆಮೇಲೆ ನೋಡೋಣ ಬಿಡಿ" ಅಂದ ಮಾತು ಬಿಲ್ ಹಾಕುವಾಗ ನಮ್ಮ ಕೈಗೆ ಬರಲ್ಲ.

ಬರೆಯುವಾಗ ಒಂದೇ ವಿಷಯ ನೋಡಿದ್ದೇನೆ. ಸಮಿತಿ ಏನು ಉತ್ತರ ಕೊಟ್ಟರೂ ಅದನ್ನು ನಾವು ನೇರವಾಗಿ ರೇಟ್‌ನಲ್ಲಿ ಕೂರಿಸುವಂತಿರಬೇಕು. "ಸ್ಪಷ್ಟಪಡಿಸಿ" ಅಂತ ಸುಮ್ನೆ ಕೇಳಿದರೆ "ಟೆಂಡರ್ ಪ್ರಕಾರ" ಅಂತ ಒಂದು ಸಾಲು ಬರುತ್ತದೆ, ಅಲ್ಲಿಗೆ ಮುಗಿಯಿತು.

ಮೊದಲು ಮುಕಾದಮರ ಪ್ರಶ್ನೆ. ಇದರಲ್ಲೇ ಹಣ ಜಾಸ್ತಿ ಸಿಕ್ಕಿಕೊಂಡಿದೆ.

"ಹಳೇ ಕೋಬಾ ಎಷ್ಟ ದಪ್ಪ ಐತಿ ಯಾರಿಗ್ಗೊತ್ತು? ರಾಬಿಟ್ ಎಲ್ಲಿ ಒಗೀಬೇಕು?"

ಪ್ರಶ್ನೆ 1. ಬಿಒಕ್ಯೂ ಐಟಂ 1ರಲ್ಲಿ ಈಗಿರುವ ಬ್ರಿಕ್ ಬ್ಯಾಟ್ ಕೋಬಾ ಒಡೆದು ತೆಗೆಯುವ ಕೆಲಸವನ್ನು 640 ಚದರ ಮೀಟರ್ ಎಂದು ಕೊಟ್ಟಿದೆ. ದಪ್ಪ ಎಲ್ಲೂ ಇಲ್ಲ.
(ಅ) ರೇಟ್ ಕೊಡಲು ಸರಾಸರಿ ಎಷ್ಟು ಮಿಲಿಮೀಟರ್ ದಪ್ಪ ಹಿಡಿಯಬೇಕು?
(ಆ) ಒಡೆದಾಗ ಅದಕ್ಕಿಂತ ಹೆಚ್ಚು ದಪ್ಪ ಕಂಡುಬಂದರೆ, ಹೆಚ್ಚುವರಿಯನ್ನು ಘನ ಮೀಟರ್ ಲೆಕ್ಕದಲ್ಲಿ ಬೇರೆಯಾಗಿ ಕೊಡಲಾಗುತ್ತದೆಯೇ? ಕೊಡುವುದಾದರೆ ಅದಕ್ಕೆ ಬಿಒಕ್ಯೂನಲ್ಲಿ ಒಂದು ಐಟಂ ಸೇರಿಸಲು ಕೋರುತ್ತೇವೆ.
(ಇ) ಬಿಡ್ ಸಲ್ಲಿಸುವ ಮೊದಲು ಟೆರೇಸ್‌ನ 3 ಕಡೆ, ಅಂದರೆ ನೀರು ಹೋಗುವ ಬಾಯಿಯ ಹತ್ತಿರ, ಮಧ್ಯದಲ್ಲಿ ಮತ್ತು ಪ್ಯಾರಪೆಟ್ ಪಕ್ಕದಲ್ಲಿ, 30 ಸೆಂ.ಮೀ. ಚೌಕದಷ್ಟು ಒಡೆದು ದಪ್ಪ ಅಳೆಯಲು ಎಲ್ಲ ಬಿಡ್‌ದಾರರಿಗೂ ಒಟ್ಟಿಗೆ ಅವಕಾಶ ಕೊಡುತ್ತೀರಾ?

ಪ್ರಶ್ನೆ 2. ಒಡೆದ ಮಾಲನ್ನು ಸಾಗಿಸುವ ಖರ್ಚು ಐಟಂ 1ರಲ್ಲೇ ಸೇರಿದೆಯೇ? ಪಾಲಿಕೆಯ ಅನುಮತಿ ಯಾರ ಹೆಸರಲ್ಲಿ ತೆಗೆಯಬೇಕು, ಅದರ ಶುಲ್ಕ ಯಾರು ಕಟ್ಟಬೇಕು? ಸಾಗಿಸುವವರೆಗೆ ಶಾಲೆಯ ಆವರಣದಲ್ಲಿ ಗೋಣಿಚೀಲಗಳಲ್ಲಿ ತುಂಬಿಡಲು ಜಾಗ ಕೊಡುತ್ತೀರಾ?

ದಪ್ಪದ ಮೇಲೆ ಇಷ್ಟು ಯಾಕೆ ಹಿಡಿದಿದ್ದೇನೆ ಅಂದರೆ, ಲೆಕ್ಕ ಮಾಡಿ ನೋಡಿ ಅಣ್ಣ. ಒಂದೇ ಸೆಂಟಿಮೀಟರ್ ಜಾಸ್ತಿ ಆದರೂ 640 ಚದರ ಮೀಟರ್‌ಗೆ 6.4 ಘನ ಮೀಟರ್ ಮಾಲು ಹೆಚ್ಚು. ಅದೂ ಗಟ್ಟಿ ಅಳತೆ, ಒಡೆದು ಸಡಿಲಾದ ಮೇಲೆ ಇನ್ನೂ ಉಬ್ಬುತ್ತದೆ. ಕೋಬಾಗೆ ಇಳಿಜಾರು ಕೊಟ್ಟಿರುತ್ತಾರೆ, ಬಾಯಿಯ ಹತ್ತಿರ ತೆಳು, ದೂರ ಹೋದಂತೆ ದಪ್ಪ. ಹಳೇ ಕಟ್ಟಡದಲ್ಲಿ ಸೋರಿದಾಗೆಲ್ಲ ಮೇಲಿಂದ ಮೇಲೆ ಇನ್ನೊಂದು ಪದರ ಹಾಕಿರುವುದೂ ಉಂಟು. ಇದನ್ನು ಬರೀ ಅಂದಾಜಿನ ಮೇಲೆ ಬಿಡಲು ನನಗೆ ಮನಸ್ಸಿಲ್ಲ.

"ಮೆಂಬ್ರೇನ್ 3 ಎಂಎಂ ಇಲ್ಲ 4 ಎಂಎಂ? ಎರಡೂ ಬರ್ದಾರಲ್ಲ."

ಪ್ರಶ್ನೆ 3. ಬಿಒಕ್ಯೂ ಐಟಂ 4ರಲ್ಲಿ ಎಪಿಪಿ ಮೆಂಬ್ರೇನ್ 3 ಮಿ.ಮೀ. ಎಂದಿದೆ. ಸ್ಪೆಸಿಫಿಕೇಷನ್ ಪುಟ 14ರಲ್ಲಿ ಅದೇ ಕೆಲಸಕ್ಕೆ 4 ಮಿ.ಮೀ. ಎಂದಿದೆ. ಯಾವುದನ್ನು ಹಿಡಿದು ರೇಟ್ ಕೊಡಬೇಕು? ಟೆಂಡರ್‌ನ ಎರಡು ಭಾಗಗಳಲ್ಲಿ ಹೀಗೆ ವ್ಯತ್ಯಾಸ ಇದ್ದಾಗ ಬಿಒಕ್ಯೂ, ಸ್ಪೆಸಿಫಿಕೇಷನ್, ಡ್ರಾಯಿಂಗ್ ಇವುಗಳಲ್ಲಿ ಯಾವುದು ಮೊದಲು ಎಂಬ ಕ್ರಮವನ್ನೂ ತಿಳಿಸಿ.

ಅಣ್ಣ, "4 ಎಂಎಂ ಹಾಕಿದರೇ ಒಳ್ಳೇದು ಅಂತ ಸಲಹೆ ಕೊಡೋಣ" ಅಂದಿದ್ದೀರಿ. ಮಾತು ಸರಿ, ಆದರೆ ಇಲ್ಲಿ ಬೇಡ. ಪ್ರಶ್ನೆ ಪತ್ರದಲ್ಲಿ ಸಲಹೆ ಸೇರಿಸಿದರೆ ಉತ್ತರ ಸಲಹೆಗೆ ಬರುತ್ತದೆ, ಪ್ರಶ್ನೆ ಹಾಗೇ ಉಳಿಯುತ್ತದೆ. ಕೆಲಸ ಸಿಕ್ಕ ಮೇಲೆ ಅವರ ಇಂಜಿನಿಯರ್ ಎದುರಿಗೇ ಹೇಳೋಣ.

"ವಾಟಾ ಮತ್ತ ಗ್ವಾಡಿ ಮ್ಯಾಲ ಏರಿಸಿದ್ದು ಅಳತ್ಯಾಗ ಹಿಡೀತಾರೋ ಇಲ್ಲೋ?"

ಕಾಕಾ, ಇದು ನಿಮ್ಮ ಅನುಭವದ ಪ್ರಶ್ನೆ. ನಾನು ಬಿಒಕ್ಯೂ ಓದುವಾಗ ನನ್ನ ಕಣ್ಣಿಗೆ ಬಿದ್ದಿರಲೇ ಇಲ್ಲ.

ಪ್ರಶ್ನೆ 4. ಐಟಂ 4 ಮತ್ತು 5ರ ಪರಿಮಾಣ 640 ಚದರ ಮೀಟರ್ ಎಂದಿದೆ, ಇದು ಡ್ರಾಯಿಂಗ್‌ನ 40 ಮೀ. × 16 ಮೀ. ನೆಲದ ಅಳತೆಗೆ ಸರಿಯಾಗಿ ಹೊಂದುತ್ತದೆ. ಆದರೆ ಪುಟ 15ರಂತೆ ಮೆಂಬ್ರೇನ್ ಅನ್ನು ಪ್ಯಾರಪೆಟ್ ಗೋಡೆಯ ಮೇಲೆ 300 ಮಿ.ಮೀ. ಏರಿಸಬೇಕು. ಸುತ್ತಳತೆ 112 ಮೀಟರ್ ಆದ್ದರಿಂದ ಇದು 33.6 ಚದರ ಮೀಟರ್ ಆಗುತ್ತದೆ.
(ಅ) ಈ 33.6 ಚದರ ಮೀಟರ್ ಅನ್ನು ಅದೇ ರೇಟ್‌ನಲ್ಲಿ ಅಳೆದು ಕೊಡಲಾಗುತ್ತದೆಯೇ, ಅಥವಾ ನೆಲದ ರೇಟ್‌ನಲ್ಲೇ ಸೇರಿಸಿಕೊಳ್ಳಬೇಕೇ?
(ಆ) ಮೂಲೆಯ ವಾಟಾಗೆ ರನ್ನಿಂಗ್ ಮೀಟರ್ ಲೆಕ್ಕದಲ್ಲಿ ಬೇರೆ ಐಟಂ ಇದೆಯೇ?
(ಇ) ಮೆಂಬ್ರೇನ್ ಒಂದರ ಮೇಲೊಂದು ಬರುವ ಜೋಡಣೆಯ ಭಾಗವನ್ನು ಅಳತೆಯಲ್ಲಿ ಹಿಡಿಯುವುದಿಲ್ಲ ಎಂದು ನಾವು ತಿಳಿದಿದ್ದೇವೆ. ಇದು ಸರಿಯೇ?

33.6 ಅಂದರೆ ನೆಲದ 640ರಲ್ಲಿ ನೂರಕ್ಕೆ ಐದಕ್ಕಿಂತ ಜಾಸ್ತಿ. ನಾವು ಸೇರಿಸಿ, ಬೇರೆಯವರು ಬಿಟ್ಟು ರೇಟ್ ಕೊಟ್ಟರೆ ಹೋಲಿಕೆಯೇ ತಪ್ಪಾಗುತ್ತದೆ, ಸಮಿತಿಗೂ ಅದು ಒಳ್ಳೆಯದಲ್ಲ.

"ನೀರ ನಿಲ್ಲಿಸಿ ಚೆಕ್ ಮಾಡಾಕ ನೀರ ಯಾರದು?"

ಪ್ರಶ್ನೆ 5. ಪುಟ 16ರಲ್ಲಿ 72 ಗಂಟೆ ನೀರು ನಿಲ್ಲಿಸುವ ಪರೀಕ್ಷೆ ಇದೆ. ಕನಿಷ್ಠ 25 ಮಿ.ಮೀ. ನಿಲ್ಲಿಸಿದರೂ 640 ಚದರ ಮೀಟರ್‌ಗೆ 16,000 ಲೀಟರ್ ಬೇಕು, ಇಳಿಜಾರಿನಿಂದಾಗಿ ಇನ್ನೂ ಹೆಚ್ಚು. ಈ ನೀರನ್ನು ಶಾಲೆಯೇ ಕೊಡುತ್ತದೆಯೇ, ಇಲ್ಲ ಗುತ್ತಿಗೆದಾರರು ಟ್ಯಾಂಕರ್ ತರಿಸಬೇಕೇ? ಪರೀಕ್ಷೆ ಮೆಂಬ್ರೇನ್ ಆದ ಮೇಲೆ ಒಂದು ಸಲವೇ, ಅಥವಾ ಹೊಸ ಕೋಬಾ ಮುಗಿದ ಮೇಲೆ ಇನ್ನೊಂದು ಸಲವೂ ಇದೆಯೇ? ಕೆಳಗಿನ ತರಗತಿಗಳ ಸೀಲಿಂಗ್ ನೋಡಿ ಸಹಿ ಹಾಕುವವರು ಯಾರು?

ಕೊನೆಯ ಮಾತು ನಾನೇ ಸೇರಿಸಿದ್ದು. ಸೋರಲಿಲ್ಲ ಅಂತ ಅದೇ ದಿನ ಯಾರಾದರೂ ಸಹಿ ಹಾಕಿದರೆ ಮುಂದಿನ ಬಿಲ್ ನಿಲ್ಲಲ್ಲ.

"45 ದಿನ ಅಂದ್ರ ಮಳಿ ಬಂದ್ಬಿಡ್ತದ. ದಂಡಾ ಹಾಕ್ತಾರೇನು?"

ಪ್ರಶ್ನೆ 6. ಕಲಂ 5.1ರಂತೆ ಕೆಲಸದ ಅವಧಿ ವರ್ಕ್ ಆರ್ಡರ್‌ನಿಂದ 45 ದಿನ. ಬಿಡ್ ತೆರೆಯುವುದು ಮೇ 5ಕ್ಕೆ. ಮೇ 15ಕ್ಕೆ ಆರ್ಡರ್ ಸಿಕ್ಕರೂ ಅವಧಿ ಜೂನ್ ಕೊನೆಗೆ ಮುಟ್ಟುತ್ತದೆ. ಮುಂಬೈಗೆ ಮುಂಗಾರು ಬರುವ ಸಾಮಾನ್ಯ ದಿನಾಂಕ ಜೂನ್ 11 ಎಂದು ಹವಾಮಾನ ಇಲಾಖೆ ಇಟ್ಟುಕೊಂಡಿದೆ.
(ಅ) ವರ್ಕ್ ಆರ್ಡರ್ ಯಾವ ದಿನಾಂಕದೊಳಗೆ ಕೊಡುವ ಯೋಜನೆ ಇದೆ?
(ಆ) ಮಳೆಯಿಂದ ಮೆಂಬ್ರೇನ್ ಹಾಕಲು ಆಗದ ದಿನಗಳನ್ನು ಸೈಟ್ ರಿಜಿಸ್ಟರ್‌ನಲ್ಲಿ ಬರೆದಿಟ್ಟರೆ, ಅಷ್ಟೇ ದಿನ ಅವಧಿ ಮುಂದೆ ಹೋಗುತ್ತದೆಯೇ?
(ಇ) ಕಲಂ 5.4ರ ವಾರಕ್ಕೆ ಶೇ. 0.5 ದಂಡ ಒಟ್ಟು ಗುತ್ತಿಗೆ ಮೊತ್ತದ ಮೇಲೋ, ಉಳಿದ ಕೆಲಸದ ಮೊತ್ತದ ಮೇಲೋ? ಅದಕ್ಕೆ ಮೇಲಿನ ಮಿತಿ ಎಷ್ಟು?
(ಈ) ಹಳೇ ಕೋಬಾ ಒಡೆದ ಮೇಲೆ ಮಳೆ ಬಂದರೆ ತಾತ್ಕಾಲಿಕ ತಾಡಪತ್ರಿ ಹೊದಿಕೆಯ ಖರ್ಚು ಯಾರದು?

ಪ್ರಶ್ನೆ 7. ಬ್ರೇಕರ್ ಬಳಸಿ ಒಡೆಯಲು ದಿನಕ್ಕೆ ಯಾವ ಹೊತ್ತಿನಿಂದ ಯಾವ ಹೊತ್ತಿನವರೆಗೆ ಅನುಮತಿ ಇದೆ? ರಜೆಯಲ್ಲಿ ತರಗತಿ, ಪರೀಕ್ಷೆ, ಸಭಾಂಗಣದ ಕಾರ್ಯಕ್ರಮ ಇರುವ ದಿನಗಳ ಪಟ್ಟಿ ಇದ್ದರೆ ಕೊಡಿ. ಮಾಲು ಏರಿಸಲು ಹಿಂದಿನ ಗೋಡೆಗೆ ಕಪ್ಪಿ ಕಟ್ಟಬಹುದೇ, ಇಲ್ಲ ಮೆಟ್ಟಿಲ ಮೇಲೆಯೇ ಹೊರಬೇಕೇ?

ನಾಲ್ಕು ಮಹಡಿ, ಲಿಫ್ಟ್ ಇಲ್ಲ. ಸಿಮೆಂಟ್ ಚೀಲ, ಇಟ್ಟಿಗೆ ಎಲ್ಲ ಜನರ ಬೆನ್ನ ಮೇಲೆ ಹೋಗಬೇಕು ಅಂದರೆ ಮಜೂರಿ ಬೇರೆಯೇ ಆಗುತ್ತದೆ, ಜನರಿಗೂ ಕಷ್ಟ. ಮುಕಾದಮರು ಇದನ್ನು ಎರಡು ಸಲ ಕೇಳಿದ್ದಾರೆ, ಬಿಡಬಾರದು.

"ಹತ್ತ ವರ್ಷದ ಗ್ಯಾರಂಟಿ ಕೊಟ್ಟು, ಮ್ಯಾಲ ಅವರು ಸೋಲಾರ್ ಕೂಡ್ಸಾಕ ತೂತ ಹೊಡದ್ರ?"

ಇದಕ್ಕೆ ಕಾಕಾ ಸಿಟ್ಟಿನಿಂದ ಬರೆದಿದ್ದರು, ನಾನು ತಣ್ಣಗೆ ಬರೆದಿದ್ದೇನೆ.

ಪ್ರಶ್ನೆ 8. ಕಲಂ 7.2ರಲ್ಲಿ 10 ವರ್ಷದ ಗ್ಯಾರಂಟಿಯನ್ನು ಸ್ಟ್ಯಾಂಪ್ ಪೇಪರ್ ಮೇಲೆ ಕೇಳಿದೆ. ಕಲಂ 6.3ರಲ್ಲಿ ದೋಷ ಹೊಣೆಯ ಅವಧಿ 12 ತಿಂಗಳು ಎಂದಿದೆ.
(ಅ) ಬಿಲ್‌ನಿಂದ ಹಿಡಿದಿಡುವ ಶೇ. 5 ಮೊತ್ತವನ್ನು 12 ತಿಂಗಳ ನಂತರ ಬಿಡುತ್ತೀರಾ, 10 ವರ್ಷದ ನಂತರವೇ? ಹತ್ತು ವರ್ಷ ಎಂದಾದರೆ ಅದರ ಬದಲು ಬ್ಯಾಂಕ್ ಗ್ಯಾರಂಟಿ ಒಪ್ಪುತ್ತೀರಾ?
(ಆ) ನಮ್ಮ ಕೆಲಸ ಮುಗಿದ ಮೇಲೆ ಬೇರೆಯವರು ಸೋಲಾರ್ ಪ್ಯಾನೆಲ್, ನೀರಿನ ಟ್ಯಾಂಕ್, ಆ್ಯಂಟೆನಾ, ಶೆಡ್ ಕೂರಿಸಲು ಕೊರೆದ ಜಾಗ ಮತ್ತು ಸ್ಲ್ಯಾಬ್‌ನಲ್ಲೇ ಬಿರುಕು ಬಿಟ್ಟು ಆಗುವ ಸೋರಿಕೆ ಗ್ಯಾರಂಟಿಯಿಂದ ಹೊರಗೆ ಎಂದು ಬರವಣಿಗೆಯಲ್ಲಿ ಖಚಿತಪಡಿಸಿ.
(ಇ) ಸೋಲಾರ್ ಯೋಜನೆ ಈಗಲೇ ಇದ್ದರೆ, ಅದರ ಕಂಬಗಳ ಪೀಠಗಳನ್ನು ವಾಟರ್‌ಪ್ರೂಫಿಂಗ್‌ಗೆ ಮೊದಲೇ ಕಟ್ಟಲು ಡ್ರಾಯಿಂಗ್ ಕೊಡುತ್ತೀರಾ?

(ಇ) ಸಮಿತಿಗೇ ಲಾಭದ ಮಾತು. ಹೊಸ ಮೆಂಬ್ರೇನ್ ಮೇಲೆ ಆಮೇಲೆ ಬೋಲ್ಟ್ ಹೊಡೆದರೆ ಮಕ್ಕಳ ತರಗತಿಯಲ್ಲಿ ಮತ್ತೆ ಬಕೆಟ್ ಇಡಬೇಕಾಗುತ್ತದೆ.

"ಇದು ಮೊದ್ಲ ಫಿಕ್ಸ್ ಆಗೇತೇನು? ಮೂರು ಸಾಲಿ ಕೆಲಸ ಕೇಳ್ಯಾರ."

ಅಣ್ಣ, ಮೊದಲ ಅರ್ಧ ತೆಗೆದಿದ್ದೇನೆ. ಅನುಮಾನವನ್ನು ಕಾಗದದ ಮೇಲೆ ಇಡುವುದು ಬೇಡ, ನಮ್ಮ ಹತ್ತಿರ ಆಧಾರವೂ ಇಲ್ಲ. ಉಳಿದರ್ಧ ಮಾತ್ರ ಕೇಳಲೇಬೇಕು.

ಪ್ರಶ್ನೆ 9. ಕಲಂ 2.3ರಂತೆ ಹಿಂದಿನ 5 ವರ್ಷಗಳಲ್ಲಿ ಶಾಲಾ ಕಟ್ಟಡಗಳಲ್ಲಿ ಇದೇ ತರಹದ 3 ಕೆಲಸ ಮಾಡಿರಬೇಕು. ಹೌಸಿಂಗ್ ಸೊಸೈಟಿ ಕಟ್ಟಡಗಳಲ್ಲಿ ಇದೇ ವಿಧಾನದಿಂದ, ಇಷ್ಟೇ ಅಥವಾ ಹೆಚ್ಚು ವಿಸ್ತೀರ್ಣದ ಟೆರೇಸ್ ಕೆಲಸ ಮುಗಿಸಿದ ಸರ್ಟಿಫಿಕೇಟ್‌ಗಳನ್ನು ಈ ಕಲಂಗೆ ಒಪ್ಪುತ್ತೀರಾ?

"ಜಿಎಸ್‌ಟಿ ಒಳಗೋ ಹೊರಗೋ? ಇಎಂಡಿ ಯಾವಾಗ ವಾಪಸ್?"

ಪ್ರಶ್ನೆ 10. ಬಿಒಕ್ಯೂ ರೇಟ್‌ಗಳಲ್ಲಿ ಜಿಎಸ್‌ಟಿ ಸೇರಿಸಬೇಕೇ, ಬೇರೆ ಸಾಲಿನಲ್ಲಿ ತೋರಿಸಬೇಕೇ? ಕಡಿಮೆ ಬಿಡ್ ಯಾರದು ಎಂದು ನೋಡುವಾಗ ಜಿಎಸ್‌ಟಿ ಸೇರಿದ ಮೊತ್ತ ಹಿಡಿಯುತ್ತೀರಾ, ಸೇರದ ಮೊತ್ತವೇ?

ಪ್ರಶ್ನೆ 11. ಆಯ್ಕೆಯಾಗದ ಬಿಡ್‌ದಾರರ ₹40,000 ಇಎಂಡಿ ಎಷ್ಟು ದಿನಗಳಲ್ಲಿ ಹಿಂದಿರುಗುತ್ತದೆ?

ಉದ್ಯಮ್ ಸರ್ಟಿಫಿಕೇಟ್ ತೋರಿಸಿ ಇಎಂಡಿ ಮಾಫಿ ಕೇಳೋಣ ಅಂದಿರಿ, ಅದನ್ನು ಸೇರಿಸಿಲ್ಲ. ಸಣ್ಣ ಉದ್ದಿಮೆಗಳ 2012ರ ಖರೀದಿ ನೀತಿ ಕೇಂದ್ರ ಸರ್ಕಾರದ ಇಲಾಖೆಗಳಿಗೆ ಮತ್ತು ಕೇಂದ್ರದ ಸಾರ್ವಜನಿಕ ಉದ್ದಿಮೆಗಳಿಗೆ ಅನ್ವಯ ಆಗುವಂಥದ್ದು. ಇದು ಖಾಸಗಿ ಟ್ರಸ್ಟ್‌ನ ಶಾಲೆ, ಟೆಂಡರ್‌ನಲ್ಲೂ ಅಂಥ ವಿನಾಯಿತಿ ಬರೆದಿಲ್ಲ. ಡಿಡಿ ಮಾಡಿಸಿಬಿಡಿ ಕಾಕಾ.

ನಮ್ಮ ರೇಟ್, ಎಷ್ಟು ಜನ ಹಾಕುತ್ತೇವೆ, ಯಾವ ಕಂಪನಿಯ ಮಾಲು ತರುತ್ತೇವೆ, ಯಾವುದನ್ನೂ ಮೇಲಿನ ಪ್ರಶ್ನೆಗಳಲ್ಲಿ ಹೇಳಿಲ್ಲ, ಯಾಕೆಂದರೆ ಪ್ರತಿ ಸಾಲನ್ನೂ ಬೇರೆ ಬಿಡ್‌ದಾರರು ಓದುತ್ತಾರೆ. ನೀವು ತಿದ್ದುವಾಗಲೂ ಇದನ್ನು ನೋಡಿಕೊಳ್ಳಿ. ಸಮಿತಿಗೆ ಕಳಿಸುವ ಪ್ರತಿಯಲ್ಲಿ ನಿಮ್ಮ ಮೂಲ ಮಾತುಗಳು, ನನ್ನ ಟಿಪ್ಪಣಿಗಳು ಇರಲ್ಲ, 1ರಿಂದ 11ರವರೆಗಿನ ಪ್ರಶ್ನೆಗಳು ಮಾತ್ರ ಲೆಟರ್‌ಹೆಡ್ ಮೇಲೆ ಹೋಗುತ್ತವೆ. ಏಪ್ರಿಲ್ 20ರ ರಾತ್ರಿಯೊಳಗೆ ನೋಡಿ ಹೇಳಿ, 21ರ ಬೆಳಿಗ್ಗೆ ಕಾಕಾ ಸಹಿ ಮಾಡಿಸಿ ಕಳಿಸಿಬಿಡುತ್ತೇನೆ. ಷರತ್ತು ಹಾಕಿದ ಬಿಡ್ ತಿರಸ್ಕರಿಸುತ್ತೇವೆ ಅಂತ ಕಲಂ 1.9 ಹೇಳುತ್ತದೆ, ಅಂದರೆ ಆಮೇಲೆ ಕವರ್ ಒಳಗೆ "ದಪ್ಪ ಇಷ್ಟೇ ಹಿಡಿದಿದ್ದೇವೆ" ಅಂತ ಬರೆಯಲು ಆಗಲ್ಲ. ಏಪ್ರಿಲ್ 28ರೊಳಗೆ 1, 3, 4ಕ್ಕೆ ಉತ್ತರ ಬರದಿದ್ದರೆ ಇನ್ನೊಂದು ಈಮೇಲ್ ಹಾಕುತ್ತೇನೆ, ಆಗಲೂ ಬರದಿದ್ದರೆ ಬಿಡ್ ಹಾಕಬೇಕೋ ಬೇಡವೋ ಅಂತ ಮೂವರೂ ಕೂತು ಮಾತಾಡೋಣ.