ವಿಷಯ: ಬೇರೊಬ್ಬ ಶಿವಲಿಂಗೇಗೌಡರಿಗೆ ಸೇರಬೇಕಾದ ವಿಭಾಗ ಪತ್ರದ ಕರಡು ನನಗೆ ಬಂದಿದೆ

ಮಾನ್ಯ ವಕೀಲರಿಗೆ,

ನಮಸ್ಕಾರ. ಮದ್ದೂರು ತಾಲ್ಲೂಕಿನ ಜಮೀನೊಂದರ ವಿಭಾಗ ಪತ್ರದ ಕರಡನ್ನು ಲಗತ್ತಿಸಿ ಮಂಡ್ಯದ ನಿಮ್ಮ ಕಚೇರಿಯಿಂದ ನಿನ್ನೆ ಸಂಜೆ ಕಳುಹಿಸಿದ ಇಮೇಲ್ ನನ್ನ ವಿಳಾಸಕ್ಕೆ ಬಂದಿದೆ. ನನ್ನ ಹೆಸರೂ ಶಿವಲಿಂಗೇಗೌಡ ಎಂಬುದು ನಿಜ. ಆದರೆ ನಾನು ಮೈಸೂರಿನ ಸರಸ್ವತೀಪುರಂನಲ್ಲಿರುವ ನಿವೃತ್ತ ಶಿಕ್ಷಕ. ಆ ಕುಟುಂಬಕ್ಕಾಗಲಿ ಜಮೀನಿಗಾಗಲಿ ಸಂಬಂಧಪಟ್ಟವನಲ್ಲ.

ತಡಮಾಡದೆ ಬರೆಯುತ್ತಿರುವುದಕ್ಕೆ ನಿಮ್ಮ ಪತ್ರದ ಕೊನೆಯ ಸಾಲು ಕಾರಣ. ಶುಕ್ರವಾರ ಸಂಜೆಯೊಳಗೆ ಆಕ್ಷೇಪಣೆ ಬಾರದಿದ್ದರೆ ಕರಡಿಗೆ ಒಪ್ಪಿಗೆ ಇದೆಯೆಂದು ತಿಳಿದು ನೋಂದಣಿಗೆ ದಿನ ಗೊತ್ತುಮಾಡುವುದಾಗಿ ಅದರಲ್ಲಿದೆ. ಕರಡನ್ನು ಕಣ್ಣಿನಿಂದಲೂ ನೋಡಿರದ ಆ ಇನ್ನೊಬ್ಬ ಶಿವಲಿಂಗೇಗೌಡರ ಹೆಸರಿನಲ್ಲಿ ನಾನು ಸುಮ್ಮನಿದ್ದುಬಿಟ್ಟರೆ, ಆ ಮೌನವೇ ಅವರ ಒಪ್ಪಿಗೆ ಎಂದು ಲೆಕ್ಕವಾಗುತ್ತದೆ. ಪ್ರತಿ ಹೋಗಿರುವ ಇನ್ನಿಬ್ಬರು ಸಹೋದರರೂ ಅವರು ಓದಿಕೊಂಡೇ ಇದ್ದಾರೆಂದು ನಂಬಿರುತ್ತಾರೆ. ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ಸಹಿ ಹಾಕುವ ಹೊತ್ತಿಗೆ ಅವರು ಅದನ್ನು ಮೊದಲ ಸಲ ನೋಡುವಂತಾದರೆ ಒಡಹುಟ್ಟಿದವರ ನಡುವೆ ಇಲ್ಲದ ಅನುಮಾನ ಹುಟ್ಟೀತು. ಆದ್ದರಿಂದ ಅವರಿಗೆ ಇಂದೇ ದೂರವಾಣಿ ಮಾಡಿ ತಿಳಿಸಿ, ಕರಡನ್ನು ಸರಿಯಾದ ವಿಳಾಸಕ್ಕೆ ಕಳುಹಿಸಿ, ಆಕ್ಷೇಪಣೆಯ ಗಡುವನ್ನು ಅವರಿಗೆ ಕರಡು ತಲುಪಿದ ದಿನದಿಂದ ಎಣಿಸಬೇಕೆಂದು ವಿನಂತಿಸುತ್ತೇನೆ. ಸಹೋದರರಿಗೂ ನೀವೇ ಹೇಳುವುದು ಉಚಿತ. ಅಪರಿಚಿತನಾದ ನಾನು ಬರೆದರೆ ಅವರಿಗೆ ಗಾಬರಿಯಾದೀತೆಂದು ಈ ಉತ್ತರವನ್ನು ನಿಮಗೆ ಮಾತ್ರ ಕಳುಹಿಸುತ್ತಿದ್ದೇನೆ.

ನಾನು ಓದಿರುವುದು ಪತ್ರದ ಒಕ್ಕಣೆ ಮತ್ತು ಕರಡಿನ ಮೊದಲ ಪುಟವನ್ನು. ತಂದೆಯ ಹೆಸರು, ಊರು ಬೇರೆಯಾಗಿದ್ದುದನ್ನು ಕಂಡೊಡನೆ ಅಲ್ಲಿಗೇ ನಿಲ್ಲಿಸಿದೆ. ಪಹಣಿ, ಆಧಾರ್ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಗಳನ್ನು ತೆರೆದಿಲ್ಲ, ಯಾರಿಗೂ ಕಳುಹಿಸಿಲ್ಲ, ಮುದ್ರಿಸಿಕೊಂಡಿಲ್ಲ. ಮೂಲ ಇಮೇಲನ್ನು ಅಳಿಸಿದ್ದೇನೆ. ಅಳಿಸಿದ ಪತ್ರ ಜಿಮೇಲ್‌ನ ಕಸದಬುಟ್ಟಿಯಲ್ಲಿ 30 ದಿನ ಉಳಿಯುವುದರಿಂದ ಅದನ್ನೂ ಬರಿದು ಮಾಡಿ, ಫೋನಿನಲ್ಲಿ ಇಳಿದಿದ್ದ ಕರಡನ್ನೂ ತೆಗೆದುಹಾಕಿದ್ದೇನೆ. ನಿಮ್ಮ ಪತ್ರದ ಭಾಗವನ್ನಾಗಲಿ ಲಗತ್ತುಗಳನ್ನಾಗಲಿ ಈ ಉತ್ತರದಲ್ಲಿ ಸೇರಿಸದಿರುವುದೂ ಅದೇ ಎಚ್ಚರಿಕೆಯಿಂದ.

ವಿಳಾಸವನ್ನು ತಿದ್ದುವಾಗ ಒಂದು ಸಂಗತಿ ಗಮನದಲ್ಲಿರಲಿ. ಜಿಮೇಲ್ ಹೆಸರಿನ ನಡುವಿನ ಚುಕ್ಕಿಯನ್ನು ಲೆಕ್ಕಕ್ಕೆ ಹಿಡಿಯುವುದಿಲ್ಲ. ಚುಕ್ಕಿಯಿಟ್ಟು ಕಳುಹಿಸಿದರೂ ತೆಗೆದು ಕಳುಹಿಸಿದರೂ ಪತ್ರ ನನಗೇ ಬರುತ್ತದೆ. ಅವರ ವಿಳಾಸದಲ್ಲಿ ಬೇರೆ ಅಕ್ಷರವೋ ಅಂಕಿಯೋ ಇರಲೇಬೇಕು. ಅದನ್ನು ಅವರ ಬಾಯಿಂದಲೇ ಕೇಳಿ ಬರೆದುಕೊಂಡು, ನಿಮ್ಮ ಕಂಪ್ಯೂಟರಿನಲ್ಲಿ ಉಳಿದಿರುವ ನನ್ನ ವಿಳಾಸವನ್ನು ತೆಗೆಸಿಬಿಡಿ. ಕರಡು ನೋಡುವ ಹಂತದಲ್ಲಿ ಆಧಾರ್ ಪ್ರತಿ ಬೇಕೇ ಬೇಕೆಂದಿದ್ದರೆ ಕೊನೆಯ 4 ಅಂಕಿ ಮಾತ್ರ ಕಾಣುವ ಪ್ರತಿಯನ್ನು ಬಳಸಬಹುದೇ ಎಂದೂ ದಯವಿಟ್ಟು ಯೋಚಿಸಿ.

ಅವರಿಗೆ ವಿಷಯ ಮುಟ್ಟಿತೆಂದು ಒಂದು ಸಾಲು ಬರೆದರೆ ನನಗೆ ಸಮಾಧಾನವಾಗುತ್ತದೆ. ಶುಕ್ರವಾರ ಬೆಳಿಗ್ಗೆಯವರೆಗೂ ನಿಮ್ಮಿಂದ ಉತ್ತರ ಬಾರದಿದ್ದರೆ, ನಿಮ್ಮ ಪತ್ರದ ಕೆಳಗಿದ್ದ ಕಚೇರಿಯ ದೂರವಾಣಿಗೆ ಕರೆ ಮಾಡುತ್ತೇನೆ. ಆ ಸಂಖ್ಯೆಯೊಂದನ್ನು ಮಾತ್ರ ಬರೆದಿಟ್ಟುಕೊಂಡಿದ್ದೇನೆ.

ಇತಿ ತಮ್ಮ ವಿಶ್ವಾಸಿ,
ಶಿವಲಿಂಗೇಗೌಡ
ಸರಸ್ವತೀಪುರಂ, ಮೈಸೂರು