ಕೆಲಸದಲ್ಲಿ ಎಐ ಟೂಲ್ ಬಳಸುವ ಬಗ್ಗೆ ನಮ್ಮ ಆಫೀಸಿನ ನಿಯಮ

ಈ ನಿಯಮ 2026ರ ಜೂನ್ 1ರಿಂದ ಜಾರಿಗೆ ಬರುತ್ತದೆ. ಉಪ್ಪಳದ ಮುಖ್ಯ ಆಫೀಸಿಗೂ ಬದಿಯಡ್ಕದ ಶಾಖೆಗೂ ಇದೊಂದೇ ನಿಯಮ. ಲೆಕ್ಕಪತ್ರ ನೋಡುವವರು, ಜಿಎಸ್‌ಟಿ ಮತ್ತು ಇನ್‌ಕಮ್ ಟ್ಯಾಕ್ಸ್ ರಿಟರ್ನ್ ಹಾಕುವವರು, ಕೌಂಟರಿನಲ್ಲಿ ಅರ್ಜಿ ತುಂಬಿ ಕೊಡುವವರು, ಮಲಯಾಳದ ಕಾಗದಗಳನ್ನು ಕನ್ನಡಕ್ಕೆ ಮಾಡಿಕೊಡುವವರು, ರಿಟರ್ನ್ ಸೀಸನ್‌ಗೆ ಮಾತ್ರ ಬರುವವರು, ಎಲ್ಲರಿಗೂ ಅನ್ವಯಿಸುತ್ತದೆ. ಆಫೀಸಿನ ಪಾಲುದಾರರಿಗೂ ವಿನಾಯಿತಿ ಇಲ್ಲ.

ಯಾಕೆ ಬೇಕಾಯಿತು

ನಮ್ಮಲ್ಲಿಗೆ ಬರುವ ಗಿರಾಕಿ ತನ್ನ ಇಡೀ ಸಂಸಾರದ ಕಾಗದ ಮೇಜಿನ ಮೇಲೆ ಇಡುತ್ತಾರೆ. ಅಡಿಕೆ ಮಾರಿದ ಲೆಕ್ಕ, ಚಿನ್ನ ಅಡವಿಟ್ಟ ರಸೀದಿ, ದುಬೈಯಲ್ಲಿರುವ ಮಗ ಕಳಿಸಿದ ಹಣ, ಅಣ್ಣತಮ್ಮಂದಿರ ಪಾಲುಪಟ್ಟಿ, ಆಸ್ಪತ್ರೆ ಬಿಲ್ಲು. ತಮ್ಮ ಮನೆಯವರಿಗೇ ಹೇಳದ್ದನ್ನು ನಮಗೆ ಹೇಳುವವರೂ ಇದ್ದಾರೆ. ಆ ನಂಬಿಕೆ ಇಲ್ಲದಿದ್ದರೆ ನಮಗೆ ಕೆಲಸವೇ ಇಲ್ಲ.

ಎಐ ಟೂಲ್ ಬೇಡ ಎಂದು ನಾವು ಹೇಳುತ್ತಿಲ್ಲ. ನೋಟಿಸ್‌ಗೆ ಉತ್ತರದ ಕರಡು ಮಾಡಲು, ಎಕ್ಸೆಲ್ ಸೂತ್ರ ಬರೆಯಲು, ಉದ್ದದ ಸರ್ಕಾರಿ ಆದೇಶದ ಸಾರ ತಿಳಿಯಲು ಅದರಿಂದ ತುಂಬಾ ಉಪಕಾರವಿದೆ. ಆದರೆ ಆ ಪೆಟ್ಟಿಗೆಯಲ್ಲಿ ಟೈಪ್ ಮಾಡಿದ್ದು ಇನ್ನೊಂದು ಕಂಪನಿಯ ಕಂಪ್ಯೂಟರಿಗೆ ಹೋಗುತ್ತದೆ. ಖಾತೆ ಎಂಥದ್ದು, ಸೆಟ್ಟಿಂಗ್ ಹೇಗಿದೆ ಎಂಬುದರ ಮೇಲೆ ಅದು ಅಲ್ಲಿ ಉಳಿಯಬಹುದು, ಮುಂದಿನ ಮಾದರಿಗಳನ್ನು ಕಲಿಸಲು ಬಳಕೆಯಾಗಲೂಬಹುದು.

ದೊಡ್ಡವರೇ ಈ ವಿಷಯದಲ್ಲಿ ಎಚ್ಚರವಾಗಿದ್ದಾರೆ. 2023ರಲ್ಲಿ ಸ್ಯಾಮ್‌ಸಂಗ್ ಕಂಪನಿಯ ಎಂಜಿನಿಯರುಗಳು ಒಳಗಿನ ಕೋಡನ್ನು ಚಾಟ್‌ಜಿಪಿಟಿಗೆ ಹಾಕಿದ್ದು ಗೊತ್ತಾಗಿ, ಕಂಪನಿ ಇಂಥ ಟೂಲ್‌ಗಳನ್ನು ನಿರ್ಬಂಧಿಸಿತು. ಆಫೀಸಿನ ಕಂಪ್ಯೂಟರುಗಳಲ್ಲಿ ಇವನ್ನು ಬಳಸಬೇಡಿ ಎಂದು ನಮ್ಮ ಕೇಂದ್ರ ಹಣಕಾಸು ಸಚಿವಾಲಯ 2025ರ ಜನವರಿಯಲ್ಲಿ ತನ್ನ ಸಿಬ್ಬಂದಿಗೆ ಹೇಳಿತು. ಅದೇ ವರ್ಷ ಜುಲೈಯಲ್ಲಿ ಕೇರಳ ಹೈಕೋರ್ಟ್ ಜಿಲ್ಲಾ ನ್ಯಾಯಾಲಯಗಳಿಗಾಗಿ ಎಐ ಬಳಕೆಯ ನೀತಿ ಹೊರಡಿಸಿತು. ನಾವೂ ಆ ಹೈಕೋರ್ಟಿನ ವ್ಯಾಪ್ತಿಯಲ್ಲೇ ಇರುವವರು.

ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆ ಕಾಯ್ದೆ 2023ರಲ್ಲಿ ಬಂತು, ಅದರ ನಿಯಮಗಳು 2025ರ ನವೆಂಬರಿನಲ್ಲಿ ಬಂದವು. ಹಂತ ಹಂತವಾಗಿ ಜಾರಿಯಾಗುತ್ತಿವೆ. ಮಾಹಿತಿಗೆ ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ ಹಾಕಲು ಅದರಲ್ಲಿ ಅವಕಾಶವಿದೆ. ಕೊನೆಯ ಹಂತದವರೆಗೆ ನಾವು ಕಾಯುವುದಿಲ್ಲ.

ಯಾವ ಟೂಲ್, ಯಾವ ಖಾತೆ

ಆಫೀಸಿನ ಕೆಲಸಕ್ಕೆ ಒಂದೇ ಟೂಲ್: ಮೈಕ್ರೋಸಾಫ್ಟ್ 365ರ ಆಫೀಸ್ ಲಾಗಿನ್‌ನಲ್ಲಿ ತೆರೆಯುವ ಕೋಪೈಲಟ್. ಸ್ವಂತ ಜಿಮೇಲಿನಲ್ಲಿ ತೆರೆದ ಚಾಟ್‌ಜಿಪಿಟಿ, ಜೆಮಿನೈ, ಡೀಪ್‌ಸೀಕ್, ವಾಟ್ಸ್ಆಪ್ ಒಳಗಿನ ಮೆಟಾ ಎಐ, ಇವು ಯಾವುದರಲ್ಲೂ ಆಫೀಸಿನ ಕೆಲಸ ಮಾಡಬಾರದು. ಮನೆಯಲ್ಲಿ ಮಕ್ಕಳ ಪಾಠಕ್ಕೆ ಬಳಸುವುದು ನಿಮ್ಮ ಇಷ್ಟ, ಅದಕ್ಕೆ ನಮ್ಮ ತಕರಾರಿಲ್ಲ.

ಬ್ರೌಸರಿಗೆ ಎಐ ಎಕ್ಸ್‌ಟೆನ್ಶನ್ ಹಾಕಿಕೊಳ್ಳಬೇಡಿ. ಕೆಲವು ಎಕ್ಸ್‌ಟೆನ್ಶನ್‌ಗಳು ನೀವು ತೆರೆದ ಪುಟವನ್ನೇ ಓದುತ್ತವೆ. ಪೋರ್ಟಲಿನಲ್ಲಿ ಗಿರಾಕಿಯ ಲೆಡ್ಜರ್ ತೆರೆದಿದ್ದರೆ ಅದನ್ನೂ ಓದುತ್ತವೆ. ಗಿರಾಕಿಯ ಜೊತೆ ಆನ್‌ಲೈನ್ ಮೀಟಿಂಗ್ ಇದ್ದಾಗ ಮಾತು ಬರೆದುಕೊಳ್ಳುವ ಎಐ ಟೂಲ್ ಹಾಕಬಾರದು.

ಕೋಪೈಲಟ್‌ನ ಕೆಲಸದ ಖಾತೆಯಲ್ಲಿ ನಾವು ಹಾಕಿದ್ದನ್ನು ಮಾದರಿ ಕಲಿಸಲು ಬಳಸುವುದಿಲ್ಲ ಎಂದು ಕಂಪನಿ ಹೇಳುತ್ತದೆ. ಹಾಗಂತ ಅದರೊಳಗೆ ಏನು ಬೇಕಾದರೂ ಹಾಕಬಹುದು ಅಂತಲ್ಲ. ಮುಂದಿನ ನಿಯಮಗಳು ಅದಕ್ಕೂ ಸೇರಿ.

ಹಾಕಲೇಬಾರದ್ದು

ಆಧಾರ್ ನಂಬರ್, ಅದರ ಕೊನೆಯ 4 ಅಂಕಿ ಕೂಡ. ಪಾನ್, ಪಾಸ್‌ಪೋರ್ಟ್, ಗಲ್ಫಿನ ಐಡಿ ಕಾರ್ಡ್. ಬ್ಯಾಂಕ್ ಖಾತೆ, ಸ್ಟೇಟ್‌ಮೆಂಟ್, ಸಾಲದ ವಿವರ. ಪೋರ್ಟಲಿನ ಯೂಸರ್ ಐಡಿ, ಪಾಸ್‌ವರ್ಡ್, ಒಟಿಪಿ. ಸರ್ವೆ ನಂಬರ್, ತಂಡಪೇರ್ ನಂಬರ್, ಜಾಗದ ಆಧಾರದ ದಸ್ತಾವೇಜು. ಕಾಯಿಲೆಯ ವಿಷಯ, ಮಕ್ಕಳ ವಿಷಯ, ಕೋರ್ಟು ಕೇಸಿನ ವಿಷಯ. ನಮ್ಮ ಆಫೀಸಿನ ಸಂಬಳಪಟ್ಟಿ, ಫೀಸಿನ ಪಟ್ಟಿ, ಗಿರಾಕಿಗಳ ಪಟ್ಟಿ.

ಜಿಎಸ್‌ಟಿ ನಂಬರ್ ವಿಷಯದಲ್ಲಿ ಒಂದು ಮಾತು ಬಿಡಿಸಿ ಹೇಳಬೇಕು, ಯಾಕೆಂದರೆ ಪಾನ್ ಅಳಿಸಿ ಇದನ್ನು ಹಾಗೇ ಬಿಡುವುದು ತೀರಾ ಸುಲಭ. 15 ಅಕ್ಷರದ ಆ ನಂಬರಿನಲ್ಲಿ ಮೊದಲ 2 ಅಂಕಿ ರಾಜ್ಯದ ಕೋಡ್, ಕೇರಳಕ್ಕೆ 32. ಮೂರನೆಯದರಿಂದ ಹನ್ನೆರಡನೆಯದರವರೆಗೆ ಇರುವುದು ಮಾಲೀಕರ ಪಾನ್ ನಂಬರೇ. ಸ್ವಂತ ಅಂಗಡಿ ಇಟ್ಟವರಾದರೆ ಅದು ಅವರ ವೈಯಕ್ತಿಕ ಪಾನ್. ಸಪ್ಲೈಯರ್‌ಗಳ ನಂಬರಿಗೂ ಇದೇ ಮಾತು, ಅವರು ನಮ್ಮ ಗಿರಾಕಿಗಳಲ್ಲದಿದ್ದರೂ.

ಹೆಸರು ತೆಗೆದರೆ ಸಾಲದು

ಇದು ನಮ್ಮ ಊರಿಗೆ ತುಂಬಾ ಮುಖ್ಯ. ದೊಡ್ಡ ನಗರದಲ್ಲಿ ಹೆಸರು ಅಳಿಸಿದರೆ ಯಾರೆಂದು ಹುಡುಕುವುದು ಕಷ್ಟ ಇರಬಹುದು. ಇಲ್ಲಿ ಹಾಗಲ್ಲ. ಮನೆಹೆಸರು ಹೇಳಿದರೆ ಇಡೀ ಕುಟುಂಬ ಗೊತ್ತಾಗುತ್ತದೆ. 'ಪೆರ್ಲದಲ್ಲಿ ಮೆಡಿಕಲ್ ಶಾಪ್ ಇಟ್ಟವರು, ಇಬ್ಬರು ಮಕ್ಕಳು ಶಾರ್ಜಾದಲ್ಲಿ' ಎಂದರೆ ಹೆಸರು ಬೇರೆ ಬೇಕಾ? ಆದ್ದರಿಂದ ಹೆಸರಿನ ಜೊತೆಗೆ ಮನೆಹೆಸರು, ಊರು, ವಾರ್ಡು, ವಿಲ್ಲೇಜು, ಪಿನ್‌ಕೋಡ್, ಅಂಗಡಿಯ ಹೆಸರು, ನೋಟಿಸಿನ ನಂಬರು, ನಿಖರವಾದ ತಾರೀಕು, ನಿಖರವಾದ ಮೊತ್ತ, ಎಲ್ಲವನ್ನೂ ತೆಗೆಯಿರಿ ಅಥವಾ ಬದಲಿಸಿ. ನಿಮ್ಮ ಪಕ್ಕದ ಮೇಜಿನವರು ಓದಿ 'ಓ, ಇದು ಅವರದ್ದು' ಎನ್ನುವಂತಿದ್ದರೆ ಅದನ್ನು ಕಳಿಸಬಾರದು.

ಒಂದು ಉದಾಹರಣೆ ಕೊಡುತ್ತೇವೆ. ಇನ್‌ಪುಟ್ ಕ್ರೆಡಿಟ್ ವ್ಯತ್ಯಾಸಕ್ಕೆ ನೋಟಿಸ್ ಬಂದಿದೆ, ಉತ್ತರದ ಕರಡು ಬೇಕು. ನೋಟಿಸಿನ ಪಿಡಿಎಫ್ ಅನ್ನೇ ಎಳೆದು ಹಾಕಿ 'ಇದಕ್ಕೆ ಉತ್ತರ ಬರಿ' ಎನ್ನುವುದು ತಪ್ಪು. ಹೀಗೆ ಕೇಳಿ:

'ಒಬ್ಬ ಚಿಲ್ಲರೆ ವ್ಯಾಪಾರಿ ಒಂದು ತಿಂಗಳ GSTR-3B ಯಲ್ಲಿ GSTR-2B ಗಿಂತ ಜಾಸ್ತಿ ಕ್ರೆಡಿಟ್ ತೆಗೆದುಕೊಂಡಿದ್ದಾರೆ. ಒಬ್ಬ ಸಪ್ಲೈಯರ್ ಆ ಬಿಲ್ಲನ್ನು ತಮ್ಮ ಮುಂದಿನ ತಿಂಗಳ GSTR-1 ರಲ್ಲಿ ತೋರಿಸಿದ್ದೇ ಕಾರಣ. ಬಿಲ್ಲು, ಸರಕು ಬಂದ ದಾಖಲೆ, ಹಣ ಕೊಟ್ಟ ದಾಖಲೆ ಇವೆ. ಅಧಿಕಾರಿಗೆ ಕೊಡುವ ವಿವರಣೆಯ ಕರಡು ಬೇಕು. ಹೆಸರು, ನಂಬರು, ಮೊತ್ತದ ಜಾಗ ಖಾಲಿ ಇರಲಿ.'

ಖಾಲಿ ಜಾಗವನ್ನು ನಮ್ಮ ಕಂಪ್ಯೂಟರಿನಲ್ಲೇ ತುಂಬಿ. ಐದು ನಿಮಿಷ ಜಾಸ್ತಿ ಹಿಡಿಯುತ್ತದೆ. ಹಿಡಿಯಲಿ.

ಪಿಡಿಎಫ್ ಮೇಲೆ ಕಪ್ಪು ಚೌಕ ಎಳೆದು ಮುಚ್ಚಿದ್ದೇವೆ ಎಂದುಕೊಳ್ಳಬೇಡಿ. ಚೌಕದ ಅಡಿಯಲ್ಲಿ ಅಕ್ಷರ ಹಾಗೇ ಉಳಿಯುವುದುಂಟು, ಸೆಲೆಕ್ಟ್ ಮಾಡಿ ಕಾಪಿ ಮಾಡಿದರೆ ಸಿಗುತ್ತದೆ. ಎಕ್ಸೆಲಿನಲ್ಲಿ ಅಡಗಿಸಿಟ್ಟ ಕಾಲಮ್, ಎರಡನೇ ಶೀಟ್ ಕೂಡ ಫೈಲಿನ ಜೊತೆಗೇ ಹೋಗುತ್ತವೆ. ಹಾಗಾಗಿ ಗಿರಾಕಿಯ ಫೈಲ್ ಹಾಕುವುದೇ ಬೇಡ. ಬೇಕಾದ ಸಾಲನ್ನು ಹೊಸದಾಗಿ ಟೈಪ್ ಮಾಡಿ. ಸೂತ್ರ ಬೇಕಿದ್ದರೆ ಕಾಲಮ್‌ಗಳ ಹೆಸರು ಹೇಳಿ, ಸುಳ್ಳು ಅಂಕಿಯ ಮೂರು ಸಾಲು ಕೊಡಿ, ಸಾಕು.

ಸಂಭಾಷಣೆಯ ಶೇರ್ ಲಿಂಕ್ ಮಾಡಿ ವಾಟ್ಸ್ಆಪ್ ಗ್ರೂಪಿಗೆ ಹಾಕಬೇಡಿ. 2025ರಲ್ಲಿ ಚಾಟ್‌ಜಿಪಿಟಿ ಬಳಸುವವರು ಹೀಗೆ ಹಂಚಿದ ಕೆಲವು ಸಂಭಾಷಣೆಗಳು ಗೂಗಲಿನಲ್ಲಿ ಹುಡುಕಿದವರಿಗೆ ಸಿಗತೊಡಗಿದ್ದವು.

ಮಲಯಾಳದ ಕಾಗದಗಳು

ವಿಲ್ಲೇಜ್ ಆಫೀಸಿನ, ಪಂಚಾಯತಿನ ಮಲಯಾಳ ಕಾಗದ ಹಿಡಿದು 'ಇದರಲ್ಲಿ ಏನುಂಟು, ಕನ್ನಡದಲ್ಲಿ ಹೇಳಿ' ಎಂದು ಬರುವವರು ದಿನವೂ ಇದ್ದಾರೆ. ರಶ್ ಇದ್ದಾಗ ಫೋನಿನಲ್ಲಿ ಫೋಟೋ ಹೊಡೆದು ಅನುವಾದದ ಆಪ್‌ಗೆ ಹಾಕಿಬಿಡೋಣ ಅನಿಸುತ್ತದೆ. ಹಾಗೆ ಮಾಡಬಾರದು. ಫೋಟೋ ನಿಮ್ಮ ಗ್ಯಾಲರಿಯಲ್ಲಿ ಉಳಿಯುತ್ತದೆ, ಅಲ್ಲಿಂದ ಸ್ವಂತ ಕ್ಲೌಡ್ ಬ್ಯಾಕಪ್‌ಗೂ ಹೋಗುತ್ತದೆ.

ಎಲ್ಲರಿಗೂ ಹೊರಡಿಸಿದ ಸರ್ಕಾರಿ ಆದೇಶ, ಸುತ್ತೋಲೆ, ಖಾಲಿ ಅರ್ಜಿ ನಮೂನೆ, ಇವನ್ನು ಕೋಪೈಲಟ್‌ಗೆ ಧಾರಾಳವಾಗಿ ಹಾಕಿ. ಒಬ್ಬರ ಹೆಸರಿಗೆ ಬಂದ ಕಾಗದವನ್ನು ಮಲಯಾಳ ಬಲ್ಲ ನಮ್ಮವರೇ ಓದಿ ಹೇಳಬೇಕು. ಅರ್ಥವಾಗದ ಒಂದು ವಾಕ್ಯ ಇದ್ದರೆ ಆ ವಾಕ್ಯವನ್ನಷ್ಟೇ, ಗುರುತು ತೆಗೆದು, ಕೇಳಬಹುದು.

ಅನುವಾದದ ಅಂಕಿಗಳನ್ನು ಮೂಲದ ಜೊತೆ ಒಂದೊಂದಾಗಿ ತಾಳೆ ನೋಡಿ. 10 ಆರ್ ಜಾಗವನ್ನು 10 ಸೆಂಟ್ಸ್ ಎಂದು ಬರೆದು ಕೊಟ್ಟರೆ ಏನಾಗುತ್ತದೆ? ನಿಜಕ್ಕೂ ಅದು 24.7 ಸೆಂಟ್ಸ್. ಪಾಲು ಮಾಡುವ ಅಣ್ಣತಮ್ಮಂದಿರ ನಡುವೆ ಜಗಳಕ್ಕೆ ಅಷ್ಟು ಸಾಕು.

ಬಂದ ಉತ್ತರಕ್ಕೆ ಹೊಣೆ ನಮ್ಮದು

ಎಐ ಕೊಟ್ಟ ಕಲಮು, ದರ, ತೀರ್ಪಿನ ಹೆಸರು ಯಾವುದನ್ನೂ ಪರೀಕ್ಷಿಸದೆ ಹೊರಗೆ ಕಳಿಸಬಾರದು. ಈಗಂತೂ ಜಾಸ್ತಿ ಜಾಗ್ರತೆ ಬೇಕು. ಜಿಎಸ್‌ಟಿ ದರಗಳು 2025ರ ಸೆಪ್ಟೆಂಬರ್ 22ರಂದು ಬದಲಾದವು. ಹೊಸ ಆದಾಯ ತೆರಿಗೆ ಕಾಯ್ದೆ 2026ರ ಏಪ್ರಿಲ್ 1ರಿಂದ ಜಾರಿಯಾಗಿ, ಕಲಮುಗಳ ನಂಬರೇ ಬೇರೆಯಾಗಿದೆ. ಹಳೆಯದನ್ನು ಕಲಿತ ಟೂಲ್ ಹಳೆಯ ನಂಬರನ್ನೇ ಧೈರ್ಯವಾಗಿ ಹೇಳುತ್ತದೆ. ಇಲಾಖೆಯ ವೆಬ್‌ಸೈಟಿನಲ್ಲಿ ನೋಡಿ ಖಚಿತ ಮಾಡಿಕೊಂಡ ಮೇಲೆ, ಹಿರಿಯ ಅಕೌಂಟೆಂಟ್ ಸಹಿ ಹಾಕಿದ ನಂತರವೇ ಕಾಗದ ಹೊರಗೆ ಹೋಗಬೇಕು. ಕರಡಿಗೆ ಎಐ ಬಳಸಿದ್ದರೆ ಫೈಲಿನಲ್ಲಿ ಹಾಗೆಂದು ಒಂದು ಸಾಲು ಬರೆಯಿರಿ.

ಗಿರಾಕಿ ಕೇಳಿದರೆ

'ನನ್ನ ಲೆಕ್ಕವನ್ನು ಎಐಗೆ ಹಾಕುತ್ತೀರಾ?' ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಗುರುತು ತೆಗೆದ ಪ್ರಶ್ನೆ ಮಾತ್ರ ಕೇಳುತ್ತೇವೆ, ಕಾಗದ ಹಾಕುವುದಿಲ್ಲ ಎನ್ನಿ. ಅದೂ ಬೇಡ ಎಂದರೆ ಅವರ ಫೈಲಿನ ಮೇಲೆ 'ಎಐ ಬೇಡ' ಎಂದು ಬರೆದು ಹಾಗೇ ನಡೆದುಕೊಳ್ಳಿ. ಫೀಸು ಜಾಸ್ತಿ ಕೇಳಬೇಡಿ. ಕೌಂಟರಿನಲ್ಲಿ ಈ ವಿಷಯದ ಚೀಟಿ ಕನ್ನಡದಲ್ಲೂ ಮಲಯಾಳದಲ್ಲೂ ಇರುತ್ತದೆ. ಓದಲು ಬಾರದವರಿಗೆ ಅವರಾಡುವ ಭಾಷೆಯಲ್ಲಿ, ತುಳುವಾದರೆ ತುಳುವಿನಲ್ಲಿ, ಬ್ಯಾರಿಯಾದರೆ ಬ್ಯಾರಿಯಲ್ಲಿ ಹೇಳಿ. ಸುಮ್ನೆ ಸಹಿ ಹಾಕಿಸಿಕೊಳ್ಳಬೇಡಿ.

ತಪ್ಪಿ ಹೋದರೆ

ಹಾಕಬಾರದ್ದು ಹಾಕಿದ್ದೀರಿ ಎಂದು ಗೊತ್ತಾದ ಒಂದು ಗಂಟೆಯೊಳಗೆ ಉಪ್ಪಳ ಆಫೀಸಿನ ಮ್ಯಾನೇಜರಿಗೆ ಫೋನ್ ಮಾಡಿ. ರಾತ್ರಿಯಾದರೂ ಮಾಡಿ. ಮೊದಲು ಸ್ಕ್ರೀನ್‌ಶಾಟ್ ತೆಗೆಯಿರಿ, ಅವರು ಹೇಳಿದ ಮೇಲೆ ಸಂಭಾಷಣೆ ಅಳಿಸಿ. ಪಾಸ್‌ವರ್ಡ್ ಹೋಗಿದ್ದರೆ ಕೂಡಲೇ ಬದಲಿಸಿ. ಇಷ್ಟು ಅವಸರ ಯಾಕೆಂದರೆ, ಸೈಬರ್ ಭದ್ರತೆ ನೋಡುವ ಕೇಂದ್ರ ಸರ್ಕಾರದ ಸರ್ಟ್-ಇನ್ ಸಂಸ್ಥೆಯ 2022ರ ನಿರ್ದೇಶನದಂತೆ ಡೇಟಾ ಸೋರಿಕೆಯನ್ನು ಗೊತ್ತಾದ 6 ಗಂಟೆಯೊಳಗೆ ವರದಿ ಮಾಡಬೇಕು. ಆ ವರದಿ ಮ್ಯಾನೇಜರ್ ಮಾಡುತ್ತಾರೆ. ಗಿರಾಕಿಗೆ ಮರುದಿನದೊಳಗೆ ಪಾಲುದಾರರೇ ಮುಖತಃ ತಿಳಿಸುತ್ತಾರೆ.

ತಾನಾಗಿ ಬಂದು ಹೇಳಿದವರ ಮೇಲೆ ಮೊದಲ ಸಲ ಕ್ರಮ ಇಲ್ಲ, ಸಂಬಳದಲ್ಲಿ ಕಡಿತವೂ ಇಲ್ಲ. ಮುಚ್ಚಿಟ್ಟರೆ, ಅಥವಾ ಬೇಕೆಂದೇ ಸ್ವಂತ ಖಾತೆಗೆ ಗಿರಾಕಿಯ ಕಾಗದ ಹಾಕಿದರೆ, ಲಿಖಿತ ನೋಟಿಸ್ ಕೊಟ್ಟು ವಿಚಾರಿಸಿ ಕೆಲಸದಿಂದ ತೆಗೆಯುವವರೆಗೆ ಕ್ರಮ ಆಗಬಹುದು.

ಹೊಸ ಟೂಲ್ ಬೇಕೆನಿಸಿದರೆ ಯಾವ ಕೆಲಸಕ್ಕೆ ಎಂದು ಬರೆದು ಮ್ಯಾನೇಜರಿಗೆ ಕೊಡಿ, 15 ದಿನದೊಳಗೆ ಉತ್ತರ ಸಿಗುತ್ತದೆ. ಅಲ್ಲಿಯವರೆಗೆ ಅದನ್ನು ಬಳಸಬೇಡಿ. ಈ ನಿಯಮವನ್ನು ಆರು ತಿಂಗಳಿಗೊಮ್ಮೆ ಎಲ್ಲರೂ ಕೂತು ನೋಡುತ್ತೇವೆ, ಮೊದಲ ಸಭೆ 2026ರ ಡಿಸೆಂಬರಿನಲ್ಲಿ. ಪ್ರತಿಯೊಬ್ಬರೂ ಓದಿ, ಗೊತ್ತಾಗದ್ದನ್ನು ಕೇಳಿ ತಿಳಿದು, ಮೇ 30ರೊಳಗೆ ಸಹಿ ಮಾಡಿದ ಒಂದು ಪ್ರತಿಯನ್ನು ತಮ್ಮ ಶಾಖೆಯಲ್ಲಿ ಕೊಡಬೇಕು.