ಸೇತುವೆ ತಪಾಸಣಾ ವರದಿ: ಕನ್ನಡ ಅನುವಾದ

ರಚನೆ: ತಲಾ 18 ಮೀಟರಿನ ಮೂರು ಅಂಕಣಗಳು, ಅಂಕಣಕ್ಕೆ ನಾಲ್ಕು ಆರ್‌ಸಿಸಿ ಗರ್ಡರ್‌ಗಳು.

ಬಿರುಕು ಮತ್ತು ತುಕ್ಕು: ಎರಡನೇ ಅಂಕಣದ 4ನೇ ಗರ್ಡರ್‌ನ ನಡುಭಾಗದಲ್ಲಿ ತಳದಿಂದ ಮೇಲೇರುವ ಐದು ಬಿರುಕುಗಳಿವೆ, ಅಗಲ 0.15ರಿಂದ 0.20 ಮಿ.ಮೀ. ಇವು ಬಾಗುವಿಕೆಯಿಂದ ಬಂದವು, ಸದ್ಯ ಗಮನಿಸುತ್ತಿದ್ದರೆ ಸಾಕು. ಆತಂಕ ಇರುವುದು ಅದೇ ಗರ್ಡರ್‌ನ ತಳದಲ್ಲಿ ಕಂಬಿಯುದ್ದಕ್ಕೆ ಸಾಗಿದ 1.2 ಮೀಟರಿನ ಬಿರುಕಿನ ಬಗ್ಗೆ. ಅಗಲ 0.6 ಮಿ.ಮೀ., ಅಂಚಿನಲ್ಲಿ ಕಂದು ಕಲೆ, ಸುತ್ತಿಗೆಯಿಂದ ತಟ್ಟಿದರೆ ಟೊಳ್ಳು ಸದ್ದು. ಕಂಬಿಯ ಮೇಲಿನ ಕಾಂಕ್ರೀಟ್ ಕವರ್ ತೆಗೆದು ನೋಡಿದಾಗ 25 ಮಿ.ಮೀ. ಕಂಬಿ 22 ಮಿ.ಮೀ.ಗೆ ಸವೆದಿತ್ತು, ಅಂದರೆ ಅಡ್ಡಕೊಯ್ತದ ವಿಸ್ತೀರ್ಣ ಸುಮಾರು 23% ನಷ್ಟ. ಡೆಕ್‌ನ ನೀರಿನ ಕೊಳವೆ ಗಿಡ್ಡವಾಗಿ, ನೀರು ನೇರವಾಗಿ ಗರ್ಡರ್ ಮೇಲೆಯೇ ಇಳಿಯುತ್ತಿದೆ. ಕೊಳವೆ ಉದ್ದ ಮಾಡದೆ ಎಪಾಕ್ಸಿ ತುಂಬಿದರೆ ತುಕ್ಕು ಒಳಗೇ ಮುಂದುವರಿದು ಕಾಂಕ್ರೀಟನ್ನು ಮತ್ತೆ ಸೀಳುತ್ತದೆ.

ಬೇರಿಂಗ್: ಪಿಯರ್ 2ರ ಒಂದು ರಬ್ಬರ್ ಬೇರಿಂಗ್ ಅಸಮವಾಗಿ ಉಬ್ಬಿದೆ, ಬದಿ ಸೀಳಿ ಒಳಗಿನ ಉಕ್ಕಿನ ತಗಡು ಕಾಣುತ್ತಿದೆ. ಬದಲಿಸಬೇಕು. ಜ್ಯಾಕ್‌ನಿಂದ ಎತ್ತುವಾಗ ಆ ಸಾಲಿನ ನಾಲ್ಕೂ ಗರ್ಡರ್‌ಗಳನ್ನು ಒಟ್ಟಿಗೇ ಎತ್ತಬೇಕು, ಇಲ್ಲದಿದ್ದರೆ ಗರ್ಡರ್‌ಗಳನ್ನು ಅಡ್ಡಲಾಗಿ ಜೋಡಿಸುವ ಡಯಾಫ್ರಮ್ ಬಿರಿಯುತ್ತದೆ.

ಭಾರ ಸಾಮರ್ಥ್ಯ: 4ನೇ ಗರ್ಡರ್, ಬಾಗುವಿಕೆ, ಸವೆದ ಕಂಬಿಯ ಲೆಕ್ಕದಲ್ಲಿ, ಕಿಲೊನ್ಯೂಟನ್-ಮೀಟರ್‌ಗಳಲ್ಲಿ, ಭಾರ ಗುಣಕಗಳು ಸೇರಿವೆ:

```
(2260 − 1390) ÷ 1035 = 0.84
```

ಇಲ್ಲಿ 2260 ಗರ್ಡರ್‌ನ ತಾಳಿಕೆ, 1390 ಸ್ವಂತ ಭಾರದಿಂದ ಬರುವ ಬಾಗುವಿಕೆ, 1035 ಆಘಾತ ಸೇರಿದ ವಾಹನ ಭಾರದಿಂದ ಬರುವ ಬಾಗುವಿಕೆ. ಈ ಅನುಪಾತ 1ಕ್ಕಿಂತ ಕಡಿಮೆ ಇರುವುದರಿಂದ 40 ಟನ್‌ನ ಮಾನಕ ವಾಹನಕ್ಕೆ ಅವಕಾಶವಿಲ್ಲ. ಲೆಕ್ಕಕ್ಕೆ ಸಿಗುವುದು 40 × 0.84 = 33.6 ಟನ್. ದುರಸ್ತಿ ಮುಗಿಯುವವರೆಗೆ ಎರಡೂ ತುದಿಗಳಲ್ಲಿ 30 ಟನ್ ಮಿತಿಯ ಫಲಕ ಹಾಕಬೇಕು.